ಆ ಲಾಗಿನ್ ಮುಟ್ಟಬೇಡಿ

*ಮೇಡಂ, ಬರುವ ಸೋಮವಾರ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನ ಇಂಟರ್ನ್‌ಶಿಪ್ ಶುರು. ಎಂಟು ವಾರದ್ದು. ಮೊದಲ ವಾರ ಮ್ಯಾನೇಜರ್ ರಜೆಯಲ್ಲಿರುತ್ತಾರಂತೆ. ಟೀಮಿನಲ್ಲಿ ಒಂಬತ್ತು ಜನ, ಯಾರು ಏನು ಮಾಡುತ್ತಾರೋ ಗೊತ್ತಿಲ್ಲ. ಕೇಳಬೇಕು ಅಂತ 43 ಪ್ರಶ್ನೆ ಬರೆದಿಟ್ಟಿದ್ದೇನೆ. ಆದರೆ ಅಣ್ಣ, "ಮೊದಲ ವಾರ ಬಾಯಿ ಮುಚ್ಕೊಂಡು ನೋಡು, ಕೇಳಿದ್ರೆ ದಡ್ಡಿ ಅನ್ಕೋತಾರೆ" ಅಂತಾನೆ. ಅಕೌಂಟ್‌ಗಳು ಬರೋಕೆ ಮೂರ್ನಾಲ್ಕು ದಿನ ಬೇಕಂತೆ. ಅಲ್ಲಿವರೆಗೆ ಟೀಮಿನ ಒಬ್ಬರು ಅಕ್ಕ ತಮ್ಮ ಲಾಗಿನ್ ಕೊಡ್ತಾರೆ ಅಂತ ಮ್ಯಾನೇಜರ್ ಹೇಳಿದ್ದಾರೆ, ಹಾಗಾಗಿ ಅದೇನೂ ತೊಂದರೆ ಇಲ್ಲ. ಪ್ರಶ್ನೆ ಕೇಳಲೋ ಬೇಡವೋ ಅನ್ನೋದೇ ಚಿಂತೆ. ಮೊದಲ ವಾರಕ್ಕೆ ಹೇಗೆ ತಯಾರಾಗಲಿ?*

"ಅದೇನೂ ತೊಂದರೆ ಇಲ್ಲ" ಅಂತ ಬರೆದಿದ್ದೀರಲ್ಲ, ತೊಂದರೆ ಇರುವುದೇ ಅಲ್ಲಿ. ಪ್ರಶ್ನೆಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನ್ನ ಮೊದಲ ಕೆಲಸದಲ್ಲೂ ಅಕೌಂಟ್ ತಡವಾಗಿತ್ತು. ಪಕ್ಕದ ಸೀಟಿನವರು ಒಂದು ಚೀಟಿಯಲ್ಲಿ ತಮ್ಮ ಪಾಸ್‌ವರ್ಡ್ ಬರೆದುಕೊಟ್ಟರು. ಒಳ್ಳೆಯ ಹೆಂಗಸು. ಎರಡು ಸಲ ಬರೆದಂತಿದ್ದ ಗ್ರಾಹಕರ ಹೆಸರುಗಳನ್ನು ಅಳಿಸುವುದು ನನಗೆ ಕೊಟ್ಟಿದ್ದ ಕೆಲಸ. ಒಂದೇ ಹೆಸರಿನ ಇಬ್ಬರು ಬೇರೆ ಬೇರೆ ಗ್ರಾಹಕರೂ ಇರಬಹುದು ಅಂತ ನನಗೆ ಹೊಳೆಯಲಿಲ್ಲ. ಸುಮ್ನೆ ಅಳಿಸುತ್ತಾ ಹೋದೆ. ಮರುದಿನ ಲಾಗ್ ತೆಗೆದು ನೋಡಿದಾಗ ಪ್ರತಿ ಸಾಲಿನಲ್ಲೂ ಆಕೆಯ ಹೆಸರು. ನಾನು ಅಳಿಸಿದ ದಿನ ಆಕೆ ರಜೆಯಲ್ಲಿದ್ದರು. ರಜೆಯಲ್ಲಿದ್ದವರು ಒಳಗೆ ಬಂದಿದ್ದು ಹೇಗೆ ಅಂತ ಇನ್ನೊಂದು ವಿಚಾರಣೆ. ನಾನು ಒಪ್ಪಿಕೊಂಡೆ. ಆದರೆ ಪಾಸ್‌ವರ್ಡ್ ಕೊಟ್ಟಿದ್ದಕ್ಕೆ ಬೈಸಿಕೊಂಡವರು ಆಕೆ.

ಹಾಗಾಗಿ ನಿಮ್ಮ ಆ ಅಕ್ಕನ ಮೇಲೆ ನನಗೆ ಮರುಕ, ಮ್ಯಾನೇಜರ್ ಮೇಲೆ ಸಿಟ್ಟು. ಇಂಟರ್ನ್ ಬರುವ ದಿನ ಮೊದಲೇ ಗೊತ್ತಿತ್ತು. ನಿಮ್ಮ ಅಕೌಂಟ್‌ಗೆ ರಿಕ್ವೆಸ್ಟ್ ಹಾಕುವುದು ಹತ್ತು ನಿಮಿಷದ ಕೆಲಸ. ಅದನ್ನು ಬಿಟ್ಟು, ಇನ್ನೊಬ್ಬರ ಬೀಗದ ಕೈ ನಿಮಗೆ ಕೊಡಿಸಿ ರಜೆಗೆ ಹೊರಟಿದ್ದಾರೆ. ಬೇರೆಯವರ ಲಾಗಿನ್ ಬಳಸಬಾರದು ಅಂತ ಸಾಮಾನ್ಯವಾಗಿ ಕಂಪನಿಯ ನಿಯಮದಲ್ಲೇ ಇರುತ್ತದೆ. ಮೊದಲ ದಿನ ನಿಮ್ಮಿಂದ ಸಹಿ ಮಾಡಿಸಿಕೊಳ್ಳುವ ಕಾಗದಗಳಲ್ಲಿ ಅದೂ ಇರಬಹುದು, ಓದಿ ನೋಡಿ.

ಇನ್ನೊಂದು ಕಿರಿಕಿರಿ ಇದೆ. ಈಗ ಎಷ್ಟೋ ಕಡೆ ಪಾಸ್‌ವರ್ಡ್ ಹಾಕಿದ ಮೇಲೆ ಫೋನಿಗೆ ಒಂದು ಒಟಿಪಿ ಬರುತ್ತದೆ. ಅದು ಬರುವುದು ಆಕೆಯ ಫೋನಿಗೆ. ಆಕೆ ಮೀಟಿಂಗಿನಲ್ಲಿ ಕೂತಿದ್ದರೆ ನೀವು ಬಾಗಿಲ ಹತ್ತಿರ ನಿಂತು ಕೈಸನ್ನೆ ಮಾಡಬೇಕು.

ಅಕೌಂಟ್‌ಗಳಿಗೆ ಒಂದು ಕ್ರಮವಿದೆ. ಮೊದಲು ಬೇಕಾಗಿದ್ದು ಆಫೀಸಿನ ಇಮೇಲ್ ಮತ್ತು ಮುಖ್ಯ ಲಾಗಿನ್. ಚಾಟ್, ಕೋಡ್, ಕೆಲಸದ ಪಟ್ಟಿ, ಫೈಲುಗಳು, ಎಲ್ಲವೂ ಸಾಮಾನ್ಯವಾಗಿ ಅದಕ್ಕೇ ಜೋತುಬಿದ್ದಿರುತ್ತವೆ. ಅದು ಬರುವ ಮೊದಲು ಉಳಿದದ್ದಕ್ಕೆ ಓಡಾಡಿ ಪ್ರಯೋಜನವಿಲ್ಲ. ಅದು ಬಂದ ಮೇಲೆ ಒಂದೊಂದನ್ನೂ ತೆರೆದು ನೋಡಿ. ತೆರೆಯದಿದ್ದರೆ "ಆಗ್ತಿಲ್ಲ" ಅಂತ ಬರೆಯಬೇಡಿ. ಯಾವುದು ತೆರೆಯುತ್ತಿಲ್ಲ, ಪರದೆಯ ಮೇಲೆ ಏನು ಬರುತ್ತಿದೆ, ಯಾವ ಕೆಲಸಕ್ಕೆ ಬೇಕು, ಇಷ್ಟನ್ನೂ ಒಂದೇ ಮೆಸೇಜಿನಲ್ಲಿ ಬರೆಯಿರಿ. ಇಲ್ಲದಿದ್ದರೆ ಅವರು ಒಂದೊಂದೇ ಕೇಳುತ್ತಾ, ನೀವು ಉತ್ತರ ಕೊಡುತ್ತಾ ದಿನ ಮುಗಿಯುತ್ತದೆ.

ಕೋಡ್ ಕೈಗೆ ಬಂದ ದಿನ, ಅದರ ಫೋಲ್ಡರಿನೊಳಗೆ ಹೋಗಿ ಇವೆರಡನ್ನು ಟೈಪ್ ಮಾಡಿ:

```
git config user.name
git config user.email
```

ಲ್ಯಾಪ್‌ಟಾಪ್ ಮೊದಲು ಬೇರೆ ಯಾರದ್ದೋ ಆಗಿದ್ದು, ಸರಿಯಾಗಿ ಅಳಿಸದೆ ಕೊಟ್ಟಿದ್ದರೆ ಇಲ್ಲಿ ಅವರ ಹೆಸರು ಕಾಣಬಹುದು. ಹಾಗಿದ್ದರೆ ನೀವು ನಿಮ್ಮದೇ ಲಾಗಿನ್ನಿನಿಂದ ಕೋಡ್ ಕಳಿಸಿದರೂ ಬರೆದವರ ಹೆಸರು ಅವರದ್ದೇ ಆಗುತ್ತದೆ, ಯಾಕಂದರೆ ಕಮಿಟ್ ಮೇಲಿನ ಹೆಸರು ಬರುವುದು ಈ ಸೆಟ್ಟಿಂಗಿನಿಂದ, ಲಾಗಿನ್ನಿನಿಂದಲ್ಲ. ಎಂಟು ವಾರ ದುಡಿದು ಹೆಸರು ಇನ್ನೊಬ್ಬರಿಗೆ ಯಾಕೆ ಕೊಡಬೇಕು?

ಈಗ ಅಣ್ಣನ ವಿಷಯ. ಸುಮ್ಮನೆ ಕೂತರೆ ಬುದ್ಧಿವಂತೆ ಅಂದುಕೊಳ್ಳುತ್ತಾರೆ ಅನ್ನುವುದು ಅವರ ಲೆಕ್ಕ. ಎರಡು ದಿನ ಸುಮ್ಮನೆ ಕೂತ ಇಂಟರ್ನ್ ಬಗ್ಗೆ ಟೀಮಿನವರು ಅಂದುಕೊಳ್ಳುವುದು ಒಂದೇ: "ಪಾಪ, ಕೆಲಸ ಇಲ್ಲ ಅನ್ಸುತ್ತೆ." ಅಣ್ಣನನ್ನು ಬಿಟ್ಟುಬಿಡಿ. ಹಾಗಂತ 43 ಪ್ರಶ್ನೆಯೂ ಜಾಸ್ತಿ. ಅವುಗಳಲ್ಲಿ ಎಷ್ಟೋ ಪ್ರಶ್ನೆಗಳಿಗೆ ಟೀಮಿನ ದಾಖಲೆಗಳಲ್ಲೇ ಉತ್ತರ ಇರುತ್ತದೆ. ಪಟ್ಟಿ ಹರಿಯಬೇಡಿ, ಮನೆಯಲ್ಲಿಡಿ. ಸೋಮವಾರ ಮೂರೇ ಕೇಳಿ. ನನಗೆ ಕೆಲಸ ಕೊಡುವವರು ಯಾರು? ಸಿಕ್ಕಿಹಾಕಿಕೊಂಡಾಗ ಯಾರನ್ನು ಕೇಳಲಿ? ನಾನು ಮಾಡಿದ್ದನ್ನು ನೋಡಿ "ಸರಿ, ಮುಗೀತು" ಅನ್ನುವವರು ಯಾರು?

ಈ ಮೂರನೆಯದು ಮುಖ್ಯ. ಒಂಬತ್ತು ಜನರ ಹುದ್ದೆಗಳನ್ನು ಬಾಯಿಪಾಠ ಮಾಡಿದರೂ ಇದು ತಿಳಿಯುವುದಿಲ್ಲ. ತಿಳಿಯಬೇಕಾದರೆ ಟೀಮು ಈಚೆಗೆ ಮುಗಿಸಿದ ಹತ್ತು ಕೆಲಸ ತೆಗೆದು ನೋಡಿ, ನಿಮ್ಮ ಲಾಗಿನ್ ಇನ್ನೂ ಬಂದಿಲ್ಲದಿದ್ದರೆ ಯಾರಾದರೂ ತೆರೆದು ತೋರಿಸಲಿ. ಪ್ರತಿಯೊಂದರಲ್ಲೂ ಅದನ್ನು ಪಟ್ಟಿಗೆ ಹಾಕಿದವರು, ಮಾಡಿದವರು, ಪರಿಶೀಲಿಸಿ ಒಪ್ಪಿದವರು ಯಾರು ಅಂತ ಸಾಮಾನ್ಯವಾಗಿ ಇರುತ್ತದೆ. ನೋಟ್‌ಬುಕ್ಕಿನಲ್ಲಿ ಮೂರು ಕಾಲಮ್ ಎಳೆದು ಹೆಸರು ಬರೆಯುತ್ತಾ ಹೋಗಿ. (ನೋಟ್‌ಬುಕ್ ಅಂದರೆ ಕಾಗದದ್ದು. ಈ ಅಂಕಣದಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೋ.) ಹತ್ತರಲ್ಲಿ ಏಳು ಸಲ ಮೂರನೇ ಕಾಲಮ್ಮಿನಲ್ಲಿ ಒಂದೇ ಹೆಸರು ಬಂತು ಅಂದುಕೊಳ್ಳಿ. ಆ ಹೆಸರು ಮ್ಯಾನೇಜರದ್ದಲ್ಲ. ಹಾಗಿದ್ದರೆ ಬುಧವಾರದೊಳಗೆ ಹತ್ತು ನಿಮಿಷ ಬಿಡುವು ಕೇಳಿ ಮಾತಾಡಬೇಕಾದ್ದು ಅವರ ಹತ್ತಿರ. "ನೀವು ಜಾಸ್ತಿ ಸಲ ವಾಪಸ್ ಕಳಿಸೋದು ಯಾವ ತಪ್ಪಿಗೆ?" ಅಂತ ಕೇಳಿ. ನಿಮ್ಮ ಪಟ್ಟಿಯಲ್ಲಿ ಈ ಪ್ರಶ್ನೆ ಇರಲಾರದು.

ಲಾಗಿನ್ ಇಲ್ಲದ ದಿನಗಳಲ್ಲಿ ಏನು ಮಾಡುವುದು ಅನ್ನುತ್ತೀರಾ? ಹೊಸಬರಿಗೆ ಅಂತ ಬರೆದಿಟ್ಟ ದಾಖಲೆಯನ್ನು ಯಾರ ಹತ್ತಿರವಾದರೂ ಕೇಳಿ ಪಡೆದು ಓದಿ. ಅರ್ಥವಾಗದ ಹೆಜ್ಜೆಗೆ ಗುರುತು ಹಾಕಿ. ಆ ದಾಖಲೆ ಹಳೆಯದಾಗಿದ್ದರೆ ಅದು ಮೊದಲು ಕಾಣುವುದು ಹೊಸಬರ ಕಣ್ಣಿಗೇ. ಆ ಅಕ್ಕ ಕೆಲಸ ಮಾಡುವಾಗ ಪಕ್ಕದಲ್ಲಿ ಕೂತು ನೋಡಬಹುದು. ಕೀಬೋರ್ಡ್ ಮಾತ್ರ ಅವರ ಕೈಯಲ್ಲೇ ಇರಲಿ. ಅವರೇ ಪಾಸ್‌ವರ್ಡ್ ಕೊಡಲು ಬಂದರೆ, "ಬೇಡ ಅಕ್ಕಾ, ನಾನೇನಾದ್ರೂ ಕೆಡಿಸಿದ್ರೆ ನಿಮ್ಮ ಹೆಸರು ಬರುತ್ತೆ" ಅಂದುಬಿಡಿ. ಬೇಜಾರು ಮಾಡಿಕೊಳ್ಳುವುದಿಲ್ಲ. ಒಳಗೊಳಗೇ ನಿರಾಳವಾದಾರು.

ಇವಿಷ್ಟರಲ್ಲಿ ಯಾವುದನ್ನು ಮರೆತರೂ ಪರವಾಗಿಲ್ಲ, ಒಂದನ್ನು ಮಾತ್ರ ಮಾಡಲೇಬೇಕು. ಮ್ಯಾನೇಜರ್‌ಗೆ ಈ ಮೇಲ್ ಕಳಿಸಿ, ಒಂದು ಪ್ರತಿ ನಿಮ್ಮನ್ನು ಸೇರಿಸಿಕೊಂಡ ಎಚ್‌ಆರ್‌ಗೂ ಹೋಗಲಿ:

"ನಮಸ್ಕಾರ. ಸೋಮವಾರ ನನ್ನ ಮೊದಲ ದಿನ. ಆಫೀಸ್ ಇಮೇಲ್ ಮತ್ತು ಲಾಗಿನ್‌ಗೆ ರಿಕ್ವೆಸ್ಟ್ ಹಾಕಿದೆಯೇ? ಮೊದಲ ವಾರಕ್ಕೆ ಕೋಡ್ ಓದುವ ಅನುಮತಿ ಸಿಕ್ಕರೂ ಸಾಕು. ನನ್ನ ಲಾಗಿನ್ ಬರುವವರೆಗೆ ಬೇರೆಯವರದ್ದನ್ನು ಬಳಸದೆ, ದಾಖಲೆ ಓದುತ್ತಾ ಕೆಲಸ ನೋಡುತ್ತಾ ಇರುತ್ತೇನೆ. ನೀವು ರಜೆಯಲ್ಲಿರುವಾಗ ಆ ರಿಕ್ವೆಸ್ಟ್‌ಗೆ ಒಪ್ಪಿಗೆ ಕೊಡುವವರು ಯಾರು?"

ಕೊನೆಯ ಪ್ರಶ್ನೆ ಬಿಡಬೇಡಿ. ಒಪ್ಪಿಗೆ ಕೊಡುವವರೇ ಇಲ್ಲದಿದ್ದರೆ ರಿಕ್ವೆಸ್ಟ್ ವಾರವಿಡೀ ಹಾಗೇ ಬಿದ್ದಿರುತ್ತದೆ. ಮೇಲನ್ನು ಗುರುವಾರದೊಳಗೆ ಕಳಿಸಿ. ರಜೆಗೆ ಹೊರಟವರು ಶುಕ್ರವಾರ ಮಧ್ಯಾಹ್ನದ ಮೇಲೆ ಯಾವ ಮೇಲನ್ನೂ ತೆರೆಯುವುದಿಲ್ಲ.