ಮೊಡವೆ ಹೋಯ್ತು, ಉಳಿದದ್ದು ಕಲೆಯೋ ಕುಳಿಯೋ?

ಪ್ರಶ್ನೆ: ನನಗೆ 24 ವರ್ಷ. ಮೊಡವೆ ಕಡಿಮೆಯಾಗಿದೆ, ಆದರೆ ಕೆನ್ನೆ ತುಂಬಾ ಕಂದು ಕಲೆ. ಎರಡು ಮೂರು ಕಡೆ ಸಣ್ಣ ಗುಂಡಿ ಥರಾನೂ ಇದೆ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಕ್ರೀಮ್ ಎರಡು ತಿಂಗಳಿಂದ ಹಚ್ಚುತ್ತಿದ್ದೇನೆ. ಮೊದಲು ಬೆಳ್ಳಗಾಯ್ತು, ಈಗ ಒಂದು ದಿನ ಬಿಟ್ಟರೂ ಮುಖ ಉರಿಯುತ್ತದೆ. ಪಾರ್ಲರಿನವರು ಲೇಸರ್ ಮಾಡಿಸಿ ಅಂತಿದ್ದಾರೆ. ಮಾಡಿಸಲಾ?

ಉತ್ತರ: ಬೇಡ, ಈಗಂತೂ ಖಂಡಿತ ಬೇಡ. ಮೊದಲು ಆ ಕ್ರೀಮಿನ ಟ್ಯೂಬ್ ತಿರುಗಿಸಿ ಸಣ್ಣಕ್ಷರ ಓದಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಫ್ಲೂಸಿನೋಲೋನ್ ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟೀರಾಯ್ಡ್. ಹೆಚ್ಚಾಗಿ ಜೊತೆಗೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಕೂಡ ಇರುತ್ತವೆ. ಈ ಮೂರರ ಮಿಶ್ರಣ ಬಂಗು ಎಂಬ ಮುಖದ ಕಂದು ಮಚ್ಚೆಗೆ, ಅದೂ ಡಾಕ್ಟರ ಕಣ್ಣಳತೆಯಲ್ಲಿ ಕೆಲವು ವಾರದ ಮಟ್ಟಿಗೆ ಕೊಡುವಂಥದ್ದು. ಸುಮ್ನೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಟ್ಟ ಕೂಡಲೇ ಉರಿಯುತ್ತದೆ, ಕೆಂಪಾಗುತ್ತದೆ, ಮೊಡವೆ ಮತ್ತೆ ಏಳುತ್ತದೆ. ನೀವು ಹೇಳುವ ಲಕ್ಷಣ ಅದೇ ಅನ್ನಿಸುತ್ತಿದೆ. ಚರ್ಮದ ಡಾಕ್ಟರಿಗೆ ಟ್ಯೂಬ್ ತೋರಿಸಿ, ಅವರು ಹೇಳಿದಂತೆ ಬಿಡಿ. ಉರಿ ಇಳಿಯುವ ತನಕ ಸೌಮ್ಯವಾದ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಇಷ್ಟೇ ಸಾಕು. ಇದಕ್ಕೆ ವಾರಗಳೇ ಹಿಡಿಯಬಹುದು.

ಅಷ್ಟರಲ್ಲಿ ಯಾವುದು ಕಲೆ, ಯಾವುದು ಕುಳಿ ಅಂತ ನೀವೇ ಗುರುತು ಮಾಡಿಕೊಳ್ಳಿ. ಟ್ಯೂಬ್‌ಲೈಟ್ ಎದುರು ನಿಂತರೆ ಎರಡೂ ಕಪ್ಪಾಗಿಯೇ ಕಾಣುತ್ತವೆ. ಹಗಲಿನಲ್ಲಿ ಕಿಟಕಿ ನಿಮ್ಮ ಒಂದು ಪಕ್ಕಕ್ಕೆ ಬರುವಂತೆ ಕುಳಿತು, ಕೈಯಲ್ಲಿ ಕನ್ನಡಿ ಹಿಡಿದು, ಮುಖವನ್ನು ನಿಧಾನ ಆಚೆ ಈಚೆ ತಿರುಗಿಸಿ. ಕುಳಿಯ ಅಂಚಿನಲ್ಲಿ ಸಣ್ಣ ನೆರಳು ಬಿದ್ದಿರುತ್ತದೆ, ಮುಖ ತಿರುಗಿದಂತೆ ಅದು ಜಾಗ ಬದಲಿಸುತ್ತದೆ. ಕಲೆ ಹೇಗೆ ತಿರುಗಿದರೂ ಇದ್ದ ಹಾಗೇ ಇರುತ್ತದೆ. ಆಮೇಲೆ ಎರಡು ಬೆರಳಿನಿಂದ ಚರ್ಮವನ್ನು ಮೆಲ್ಲಗೆ ಎಳೆದು ಹಿಡಿಯಿರಿ. ಆಳವಿಲ್ಲದ, ಅಗಲವಾದ ತಗ್ಗು ಸಮವಾಗಿ ಮಾಯವಾಗುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ. ಕಂದು ಬಣ್ಣ ಎಳೆದರೂ ಹೋಗುವುದಿಲ್ಲ. ಸೂಜಿ ಚುಚ್ಚಿದ ಹಾಗಿರುವ ಕಿರಿದಾದ ತೂತು ಎಳೆದರೂ ಉಳಿಯುತ್ತದೆ. ಅದು ಆಳದ ಕುಳಿ. ಒಂದೇ ಜಾಗದಲ್ಲಿ ಕಲೆ, ಕುಳಿ ಎರಡೂ ಇರುವುದು ಅಪರೂಪವೇನಲ್ಲ.

ಈ ಗುರುತು ಯಾಕೆ ಮುಖ್ಯ ಅಂದರೆ, ಕಲೆ ಬರೀ ಬಣ್ಣ. ಮೊಡವೆಯ ಉರಿಯೂತಕ್ಕೆ ಚರ್ಮ ಜಾಸ್ತಿ ಮೆಲನಿನ್ ಮಾಡಿ ಅಲ್ಲೇ ಬಿಟ್ಟಿದೆ. ಅದು ಕರಗುತ್ತದೆ. ಕುಳಿಯಲ್ಲಿ ಚರ್ಮಕ್ಕೆ ಆಧಾರವಾದ ಒಳಪದರದ ಕೊಲಾಜನ್ ನಾರು ಹೋಗಿಬಿಟ್ಟಿದೆ. ಅದನ್ನು ಕ್ರೀಮ್ ತುಂಬಿಸಲಾರದು.

ಉರಿ ಪೂರ್ತಿ ನಿಂತ ಮೇಲೆ ಕಲೆಗೆ ಅಜೆಲಾಯಿಕ್ ಆಸಿಡ್ ಶುರು ಮಾಡಬಹುದು, 10 ಅಥವಾ 20 ಪರ್ಸೆಂಟಿನದು. ಮೊದಲು ದಿನಕ್ಕೊಮ್ಮೆ ಸಾಕು. ಶುರುವಿನಲ್ಲಿ ಸ್ವಲ್ಪ ಚುರುಗುಟ್ಟುವುದು ಮಾಮೂಲು. ಅದಕ್ಕೆ ಚರ್ಮ ಒಗ್ಗಿದ ಮೇಲೆ ಡಾಕ್ಟರನ್ನು ಕೇಳಿ ರಾತ್ರಿ ಅಡಾಪಲೀನ್ 0.1 ಪರ್ಸೆಂಟ್ ಜೆಲ್ ಸೇರಿಸಿ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು, ಮೊದಲು ವಾರಕ್ಕೆ ಎರಡು ರಾತ್ರಿ. ಕಲೆಯ ಮೇಲಷ್ಟೇ ಚುಕ್ಕಿ ಇಡುವುದಲ್ಲ, ಯಾಕೆಂದರೆ ಇದು ಹೊಸ ಮೊಡವೆಯನ್ನೂ ತಡೆಯಬೇಕು. ಹೊಸ ಮೊಡವೆ ನಿಲ್ಲದೆ ಕಲೆ ಮುಗಿಯುವುದಿಲ್ಲ. ಮಗುವಿನ ಯೋಚನೆ ಇದ್ದರೆ ಅಡಾಪಲೀನ್ ಬೇಡ, ಡಾಕ್ಟರಿಗೆ ಮೊದಲೇ ಹೇಳಿ.

ಸನ್‌ಸ್ಕ್ರೀನ್ ಇಲ್ಲದಿದ್ದರೆ ಇದೆಲ್ಲ ವ್ಯರ್ಥ. ಎಸ್‌ಪಿಎಫ್ 30ಕ್ಕಿಂತ ಕಡಿಮೆ ಇರಬಾರದು. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು ಮುಖ-ಕತ್ತಿಗೆ ಬೇಕು. ನಮ್ಮಲ್ಲಿ ಹೆಚ್ಚಿನವರು ಅಷ್ಟು ಹಚ್ಚುವುದಿಲ್ಲ. ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಸಿಕ್ಕರೆ ಒಳ್ಳೆಯದು. ಕಣ್ಣಿಗೆ ಕಾಣುವ ಬೆಳಕೂ ನಮ್ಮಂಥ ಚರ್ಮದಲ್ಲಿ ಕಲೆ ಗಾಢ ಮಾಡುತ್ತದೆ, ಸಾದಾ ಸನ್‌ಸ್ಕ್ರೀನ್ ಅದನ್ನು ತಡೆಯುವುದು ಕಡಿಮೆ. ಅಂದಹಾಗೆ, ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಇನ್ನೊಂದು ಕಲೆ ಬರಬಹುದು. ಅದು ಸಾರಿಗಿರಲಿ.

ಕಂದು ಕಲೆ ತಿಳಿಯಾಗಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಬೂದು-ನೀಲಿ ಛಾಯೆ ಇರುವ ಕಲೆ ಚರ್ಮದ ಆಳದ್ದು, ಅದಕ್ಕೆ ವರ್ಷಗಳೇ ಹಿಡಿಯಬಹುದು.

ಇನ್ನು ಆ ಎರಡು ಮೂರು ಗುಂಡಿಗಳು. ಕೆಲವು ತಿಂಗಳು ಹೊಸ ಮೊಡವೆ ಬಾರದಿದ್ದರೆ ಆಮೇಲೆ ಅವುಗಳ ವಿಚಾರ. ಎಳೆದಾಗ ಮಾಯವಾಗುವ ತಗ್ಗಿಗೆ ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವ ಮೈಕ್ರೋನೀಡ್ಲಿಂಗ್ ಅಥವಾ ಚರ್ಮದ ಕೆಳಗಿನ ಎಳೆಗಳನ್ನು ಸೂಜಿಯಿಂದ ಬಿಡಿಸುವ ಸಬ್‌ಸಿಷನ್ ಮಾಡುತ್ತಾರೆ. ಕಿರಿದಾದ ಆಳದ ತೂತಿಗೆ ಟಿಸಿಎ ಎಂಬ ಪ್ರಬಲ ಆಸಿಡ್ಡಿನ ಹನಿ ಇಡುತ್ತಾರೆ. ಎರಡಕ್ಕೂ ತಿಂಗಳ ಅಂತರದಲ್ಲಿ ಹಲವು ಸಿಟಿಂಗ್ ಬೇಕು. ಆಳ ಕಡಿಮೆಯಾಗುತ್ತದೆ, ಅಷ್ಟೇ. ಪೂರ್ತಿ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಲೇಸರ್ ಕೂಡ ಇದೆ, ಆದರೆ ಶಾಖ ಜಾಸ್ತಿಯಾದರೆ ಅದೇ ಹೊಸ ಕಂದು ಕಲೆ ಬಿಡುತ್ತದೆ. ಹಾಗಾಗಿ ಅದು ಪಾರ್ಲರಿನ ಕೆಲಸವಲ್ಲ. ಡಾಕ್ಟರ ಹತ್ತಿರ ಮಾಡಿಸುವಾಗಲೂ ನಮ್ಮ ಬಣ್ಣದ ಚರ್ಮಕ್ಕೆ ಎಷ್ಟು ಶಕ್ತಿ ಇಡುತ್ತೀರಿ, ಮೊದಲು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡುತ್ತೀರಾ ಅಂತ ಕೇಳಿ.