ಕ್ಲೈಂಟ್ "ಅಣ್ಣನನ್ನು ಮುಗಿಸ್ತೀನಿ" ಎಂದರೆ ಯಾರಿಗೆ, ಎಷ್ಟು ಹೇಳಬೇಕು?

"ತುಮಕೂರಿನಲ್ಲಿ ಕೌನ್ಸೆಲಿಂಗ್ ಕಲಿಯುತ್ತಿದ್ದೇನೆ. ತೆಂಗಿನ ತೋಟದ ಭಾಗದ ಜಗಳದಲ್ಲಿ 'ಅಣ್ಣನನ್ನು ಮುಗಿಸ್ತೀನಿ' ಎಂದು ಕ್ಲೈಂಟ್ ಒಬ್ಬರು ಇವತ್ತು ಹೇಳಿದರು. ಎಲ್ಲವೂ ಗುಟ್ಟಾಗಿರುತ್ತೆ ಎಂದು ಮಾತು ಕೊಟ್ಟಿದ್ದೆ. ಏನು ಮಾಡಲಿ?"

ತೊಡಕಾಗಿರುವುದು ಆ "ಎಲ್ಲವೂ" ಎಂಬ ಮಾತಿನಿಂದ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಗುಟ್ಟು ಕಾಪಾಡಿ ಎನ್ನುತ್ತದೆ. ಆದರೆ ಇನ್ನೊಬ್ಬರಿಗೆ ಹಾನಿಯಾಗುವುದನ್ನು ತಡೆಯಲು ಬೇಕಾದಷ್ಟನ್ನು ಹೇಳಬಹುದು. ಅಷ್ಟೇ, ಜಾಸ್ತಿ ಅಲ್ಲ.

ಈಗಲೇ ನಿಮ್ಮ ಸೂಪರ್‌ವೈಸರ್‌ಗೆ ಫೋನ್ ಮಾಡಿ. ಇದನ್ನು ಒಬ್ಬರೇ ತೀರ್ಮಾನಿಸಬೇಡಿ.

ಆಮೇಲೆ ಕ್ಲೈಂಟ್ ಜೊತೆ ಇವತ್ತೇ ಮಾತಾಡಿ, ನೇರವಾಗಿ ಕೇಳಿ. ಯಾವಾಗ? ಯಾವುದರಿಂದ? ಮಚ್ಚು ಕೈಗೆ ಸಿಗುವ ಹಾಗಿದೆಯಾ? ಹಿಂದೆ ಹೊಡೆದಿದ್ದಾರಾ? ಕುಡಿಯುತ್ತಾರಾ? "ಸಿಟ್ಟಿನಲ್ಲಿ ಸುಮ್ನೆ ಅಂದೆ" ಎಂದು ಅತ್ತರೆ ಒಂದು ಕಥೆ. "ಭಾನುವಾರ ತೋಟಕ್ಕೆ ಬರ್ತಾನೆ, ಮಚ್ಚು ಮಸೆದಿಟ್ಟಿದ್ದೀನಿ" ಎಂದರೆ ಅದೇ ಬೇರೆ. ಖಚಿತವಾಗಿ ಅಳೆಯಲು ಯಾರಿಂದಲೂ ಆಗಲ್ಲ. ಆದರೆ ದಿನ, ಜಾಗ, ಆಯುಧ ಮೂರೂ ಕೂಡಿದರೆ ಕಾಯಬೇಡಿ.

ಆಗ ಸೂಪರ್‌ವೈಸರ್ ಜೊತೆ ಸೇರಿ 112ಕ್ಕೆ ಮತ್ತು ಅಣ್ಣನಿಗೆ ತಿಳಿಸಿ. ಅಪಾಯ ಹೆಚ್ಚುವುದಿಲ್ಲ ಎನಿಸಿದರೆ ಮೊದಲು ಕ್ಲೈಂಟ್‌ಗೇ ಹೇಳಿ: "ನಿಮ್ಮಣ್ಣನ ಜೀವದ ವಿಷಯ, ಇದೊಂದನ್ನು ನಾನು ಮುಚ್ಚಿಡಲಾರೆ." ಅಣ್ಣನಿಗೆ ತಿಳಿಯಬೇಕಾದದ್ದು ಬೆದರಿಕೆ, ದಿನ, ಜಾಗ ಮಾತ್ರ. ಕ್ಲೈಂಟ್ ಹೇಳಿಕೊಂಡ ಸಂಸಾರದ, ಸಾಲದ ಮಾತು ಬೇಡ.

ಕ್ಲೈಂಟ್ ಆಡಿದ ಮಾತು, ಹೊತ್ತು, ಯಾರಿಗೆ ಏನು ತಿಳಿಸಿದಿರಿ ಎಲ್ಲವನ್ನೂ ಅದೇ ದಿನ ಬರೆದಿಡಿ.