ಮದುವೆಯಾದ ಮೇಲೂ ಕಥೆ ಇದೆ, ತಾಯೀ

"ಸಂಪಾದಕರೇ, ನನ್ನ ಆರು ವರ್ಷದ ಮಗಳಿಗೆ ದಿನಾ ರಾತ್ರಿ ಸಿಂಡ್ರೆಲಾ ಕಥೆಯೇ ಆಗಬೇಕು. ಮೊನ್ನೆ ಹೋಂವರ್ಕ್ ಮಾಡು ಅಂದರೆ, 'ರಾಜಕುಮಾರ ಬಂದು ಕರ್ಕೊಂಡ್ ಹೋಗ್ತಾನೆ, ನಂಗ್ಯಾಕೆ ಹೋಂವರ್ಕ್' ಅಂದಳು. ಮೊದಲು ನಗು ಬಂತು, ಆಮೇಲೆ ಭಯವಾಯಿತು. ಈ ರಾಜಕುಮಾರಿ ಕಥೆಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಲೇ?"
— ಓದುಗರೊಬ್ಬರು, ದಾವಣಗೆರೆ

ನಿಮ್ಮ ಭಯದಲ್ಲಿ ಹುರುಳಿಲ್ಲ ಅನ್ನಲಾರೆ. ದಿನಾ ಕೇಳಿದ ಕಥೆ ಮಗುವಿನ ಮನಸ್ಸಲ್ಲಿ ಒಂದಿಷ್ಟು ಜಾಗ ಹಿಡಿದೇ ಹಿಡಿಯುತ್ತದೆ. ಆದರೆ ಅಟ್ಟದ ಮಾತು ಮಾತ್ರ ಬೇಡ ತಾಯೀ. ನಿಮ್ಮ ಮಗಳು ಕೇಳುತ್ತಿರುವುದು ಅರ್ಧ ಕಥೆ. ಉಳಿದರ್ಧವನ್ನು ಯಾರೋ ಕತ್ತರಿಸಿಟ್ಟಿದ್ದಾರೆ. ನನ್ನ ಜಗಳ ಆ ಕತ್ತರಿಯ ಜೊತೆ.

ನಿದ್ರಿಸುವ ಸುಂದರಿಯನ್ನೇ ನೋಡಿ. ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ಕಥೆ ಮದುವೆಗೆ ಮುಗಿಯುವುದಿಲ್ಲ. ರಾಜಕುಮಾರ ಮದುವೆಯ ಸುದ್ದಿಯನ್ನೇ ಮನೆಯಲ್ಲಿ ಮುಚ್ಚಿಡುತ್ತಾನೆ. ಕಾರಣ, ಅವನ ತಾಯಿ ನರಭಕ್ಷಕ ರಾಕ್ಷಸ ಕುಲದವಳು. ಮುಂದೆ ಅವನು ಯುದ್ಧಕ್ಕೆ ಹೋದಾಗ ಆ ಅತ್ತೆ ಮೊಮ್ಮಗಳನ್ನು ಬೇಯಿಸಿ, ಸಾಸ್ ಹಾಕಿ ಬಡಿಸು ಎಂದು ಅಡುಗೆಯವನಿಗೆ ಅಪ್ಪಣೆ ಕೊಡುತ್ತಾಳೆ. ಅವನು ಕುರಿಮರಿಯನ್ನು ಬೇಯಿಸಿಟ್ಟು ಮಗುವನ್ನು ಉಳಿಸುತ್ತಾನೆ. 1812ರಲ್ಲಿ ಗ್ರಿಮ್ ಸಹೋದರರ ಸಂಗ್ರಹದಲ್ಲಿ ಇದೇ ಕಥೆ ಮದುವೆಯ ಊಟಕ್ಕೇ ಮುಗಿದುಹೋಯಿತು. ಈಗಿನ ಬಣ್ಣದ ಪುಸ್ತಕಗಳಿಗೂ ಅಷ್ಟೇ ಸಾಕು.

ನಮ್ಮ ಅಜ್ಜಿಯರು ಹೀಗೆ ಮದುವೆ ಚಪ್ಪರದಲ್ಲೇ ಕೈತೊಳೆದುಕೊಂಡು ಎದ್ದವರಲ್ಲ. ಜನಪದ ಕಥೆಗಳನ್ನು ಸಂಗ್ರಹಿಸಿದ ಕವಿ, ವಿದ್ವಾಂಸ ಎ. ಕೆ. ರಾಮಾನುಜನ್ ಇದನ್ನು ಚೆನ್ನಾಗಿ ಗುರುತಿಸಿದ್ದರು: ಗಂಡು ನಾಯಕನ ಕಥೆ ರಾಜಕುಮಾರಿ ಸಿಕ್ಕಲ್ಲಿಗೆ ಮುಗಿಯುತ್ತದೆ, ಹೆಣ್ಣಿನ ಕಥೆಯಲ್ಲಿ ಮದುವೆ ಬೇಗ ಆಗಿಹೋಗುತ್ತದೆ, ಕಷ್ಟ ಶುರುವಾಗುವುದೇ ಆಮೇಲೆ. ಅವರು ಕನ್ನಡದಿಂದ ಸಂಗ್ರಹಿಸಿದ ಹೂಬಿಡುವ ಮರದ ಕಥೆ ನಿಮಗೆ ಗೊತ್ತಿರಬಹುದು. ಗೊತ್ತಿದ್ದರೂ ಇನ್ನೊಮ್ಮೆ ಕೇಳಿ.

ಬಡ ತಾಯಿಯ ಕಿರಿಮಗಳು ಮನೆಗೆ ಆಸರೆಯಾಗಲೆಂದು ಮರವಾಗುತ್ತಾಳೆ. ಅಕ್ಕ ಒಂದು ಬಿಂದಿಗೆ ನೀರು ಸುರಿದರೆ ಮರ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ನಡುವೆ ಹೂ ಬಿಡಿಸುವಾಗ ಒಂದು ಕುಡಿ ಮುರಿಯಬಾರದು, ಒಂದು ಎಲೆ ಹರಿಯಬಾರದು. ಅಕ್ಕ ಹಾಗೇ ಬಿಡಿಸುತ್ತಾಳೆ. ರಾಜಕುಮಾರ ಇದನ್ನು ಕದ್ದು ನೋಡಿ, ಅವಳನ್ನೇ ಮದುವೆಯಾಗುತ್ತಾನೆ. ನಿಮ್ಮ ಮಗಳ ಪುಸ್ತಕ ಇಲ್ಲಿಗೆ ಮುಗಿಯುತ್ತಿತ್ತು.

ಇಲ್ಲಿ ನೋಡಿ, ಮೊದಲೆರಡು ರಾತ್ರಿ ಗಂಡ ಹೆಂಡತಿಗೆ ಮಾತೇ ಇಲ್ಲ. ಬಾಯಿಬಿಟ್ಟವನು ಕೇಳುವುದು, ನೀನು ಮರವಾಗು ಎಂದು. ನಾನು ದೆವ್ವವಲ್ಲ, ದೇವತೆಯಲ್ಲ, ಎಲ್ಲರ ಹಾಗೆ ಮನುಷ್ಯಳು ಎನ್ನುತ್ತಾಳೆ ಅವಳು. ಅವನು ಬಿಡುವುದಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಪ್ಪುತ್ತಾಳೆ. ಆಮೇಲೆ ದಿನಾ ಹೂವಿನ ಹಾಸಿಗೆ, ಬೆಳಗಾದರೆ ಬಾಡಿದ ಹೂ ಕಿಟಕಿಯಾಚೆ ರಾಶಿ. ಆ ರಾಶಿ ನಾದಿನಿಯ ಕಣ್ಣಿಗೆ ಬೀಳುತ್ತದೆ. ಅತ್ತಿಗೆಯನ್ನು ತೋಪಿಗೆ ಕರೆದೊಯ್ದು ಗೆಳತಿಯರ ಮುಂದೆ ಮರವಾಗಿಸುತ್ತಾಳೆ. ಹುಡುಗಿಯರು ಕೊಂಬೆ ಮುರಿದು ಹೂ ಕೀಳುತ್ತಾರೆ, ನೀರನ್ನು ಹೇಗೆಂದರೆ ಹಾಗೆ ಎರಚಿ ಓಡುತ್ತಾರೆ. ಕೈಯಿಲ್ಲ, ಕಾಲಿಲ್ಲ, ಬರೀ ಮುಖ ಮೈಯಾಗಿ ಅವಳು ಚರಂಡಿ ಪಾಲಾಗುತ್ತಾಳೆ. ಗಂಡ ಬೈರಾಗಿಯಾಗಿ ಊರೂರು ಅಲೆದು ಕೊನೆಗೆ ಅವಳನ್ನು ಗುರುತಿಸುತ್ತಾನೆ. ಒಂದು ಬಿಂದಿಗೆ ಸುರಿಯುತ್ತಾನೆ, ಮುರಿದ ಕೊಂಬೆಗಳನ್ನೆಲ್ಲ ಒಂದೊಂದಾಗಿ ಎತ್ತಿ ಜೋಡಿಸಿ ಕಟ್ಟುತ್ತಾನೆ, ಆಮೇಲೆ ಎರಡನೆಯ ಬಿಂದಿಗೆ.

ಅಕ್ಕನಿಗೆ ಮೊದಲ ದಿನವೇ ಗೊತ್ತಿದ್ದ ಕೆಲಸ ಗಂಡನಿಗೆ ಬರುವ ಹೊತ್ತಿಗೆ ಇಷ್ಟೆಲ್ಲ ಆಗಬೇಕಾಯಿತು! ಈ ಕಥೆಯಲ್ಲೂ ಕೊನೆಗೆ ಸುಖವಿದೆ. ಆದರೆ ಆ ಸುಖಕ್ಕೆ ಯಾರು ಏನು ಮಾಡಬೇಕಾಯಿತು ಎಂಬುದು ಕೇಳಿದ ಮಗುವಿಗೆ ಗೊತ್ತಿರುತ್ತದೆ.

ಇಂಥದ್ದನ್ನು ಇಟ್ಟುಕೊಂಡು ನಾವು ಸ್ಕೂಲ್ ಡೇ ಬಂತೆಂದರೆ ಮಕ್ಕಳಿಗೆ ಬಾಡಿಗೆ ಕಿರೀಟ, ಬಾಡಿಗೆ ಗೌನು ತೊಡಿಸಿ ನಿಲ್ಲಿಸುತ್ತೇವೆ. ನಮ್ಮ ಕಛೇರಿಗೆ ಬರುವ ಮಕ್ಕಳ ಕಥೆಗಳೂ ಕಮ್ಮಿಯಿಲ್ಲ: ಅತ್ತೆ ಇಲ್ಲ, ನಾದಿನಿ ಇಲ್ಲ, ಚರಂಡಿಯಂತೂ ಇಲ್ಲವೇ ಇಲ್ಲ, ಎಲ್ಲ ಬರೀ ಚಿಟ್ಟೆ, ಕಾಮನಬಿಲ್ಲು. ಮಕ್ಕಳು ಹೆದರುತ್ತಾರಂತೆ! ನಾನು ನೋಡಿದ ಮಟ್ಟಿಗೆ ಹೆದರುವವರು ಅಪ್ಪ ಅಮ್ಮಂದಿರು.

ಸಿಂಡ್ರೆಲಾ ಇರಲಿ, ಕಸಿದುಕೊಳ್ಳಬೇಡಿ. ನಾಳೆ ರಾತ್ರಿ ಹೂಮರ ಹೇಳಿ. 'ಮರವಾಗು' ಎಂದು ಗಂಡ ಹಟ ಹಿಡಿಯುವಲ್ಲಿಗೆ ಕಥೆ ನಿಲ್ಲಿಸಿ, ಈಗ ಅವಳು ಏನನ್ನಬೇಕು ಅಂತ ಮಗಳನ್ನೇ ಕೇಳಿ. ಅವಳು ಏನೇ ಹೇಳಲಿ, ತಿದ್ದಲು ಹೋಗದೆ ಹಾಗೇ ಬರೆದು ಕಳಿಸಿ. ಪತ್ರಿಕೆಯಲ್ಲಿ ಜಾಗ ಮಾಡಿಕೊಡುವುದು ನನ್ನ ಜವಾಬ್ದಾರಿ.

— ಸಂ.